ಅಕ್ಕನ ಮೊಬೈಲಿಗೆ ಬರುವ ಒಟಿಪಿ

ಕಾಸರಗೋಡಿನ ಒಳಭಾಗದ ಒಂದು ಅಡಿಕೆ ಅಂಗಡಿ. ಕೆಲಸಕ್ಕೆ ಐದೇ ಜನ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಲೆಕ್ಕ ನೋಡುವ ಹೆಂಗಸು ನಿದ್ದೆ ಬರುವುದಿಲ್ಲ ಎಂದು ನನ್ನ ಬಳಿ ಬಂದಿದ್ದರು.

ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ ದಿನ ತಿಂಗಳ 20ನೇ ತಾರೀಕು. ಜಿಎಸ್‌ಟಿಯ ತಿಂಗಳ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸಲು ಅದೇ ಕೊನೆಯ ದಿನ. ಐಸಿಯು ಹೊರಗೆ ನಿಂತು ಫೋನಿನಲ್ಲಿ ಒಟಿಪಿ ಓದಿ ಹೇಳಿದರಂತೆ. ಹದಿನೈದು ವರ್ಷದಲ್ಲಿ ಒಂದು ವಾರ ಪೂರ್ತಿ ರಜೆ ಹಾಕಿದ್ದಿಲ್ಲ.

"ಇನ್ನೊಬ್ಬರಿಗೆ ಕಲಿಸಬಹುದಲ್ವಾ?" ಎಂದೆ.

"ಎಲ್ಲ ಬರೆದು ಕೊಟ್ಟರೆ ನಾಳೆ ನಾನು ಯಾಕೆ ಬೇಕು?"

ಆ ಹೆದರಿಕೆಯನ್ನು ನಾನು ತಳ್ಳಿಹಾಕಲಿಲ್ಲ. ಕೆಲವು ಕಡೆ ಹಾಗೆ ಆಗುವುದೂ ಉಂಟು. ಅವರ ಒಪ್ಪಿಗೆ ಪಡೆದು ಧನಿಗಳನ್ನೂ ಕರೆಸಿದೆ. ಕಲಿಸುವುದೂ ಕೆಲಸವೇ, ಅದಕ್ಕೆ ವಾರಕ್ಕೆ ಎರಡು ಮಧ್ಯಾಹ್ನ ಬಿಡುವು, ಸಂಬಳಕ್ಕೆ ಕೈ ಹಾಕುವುದಿಲ್ಲ ಎಂದು ಧನಿಗಳ ಬಾಯಿಂದಲೇ ಹೇಳಿಸಿದೆ. ಆಮೇಲಷ್ಟೇ ಕೆಲಸದ ಹೆಜ್ಜೆಗಳನ್ನು ಬರೆದಿಡುವ ಪುಸ್ತಕದ ಮಾತು.

ಎರಡು ವಾರ, ಯಾರಾದರೂ "ಅಕ್ಕಾ, ಇದು ಹೇಗೆ?" ಎಂದಾಗಲೆಲ್ಲ ಒಂದು ಗೀಟು ಹಾಕಿ ಎಂದಿದ್ದೆ. ಗೀಟುಗಳು ತುಂಬಾ ಆದವು. ಆದರೆ ಅವರಿಲ್ಲದೆ ವಾರದೊಳಗೆ ಅಂಗಡಿ ನಿಲ್ಲುವುದು ಮೂರಕ್ಕೆ ಮಾತ್ರ: ರಿಟರ್ನ್, ಬ್ಯಾಂಕ್ ಪಾವತಿ, ಕೃಷಿಕರ ಮುಂಗಡದ ಲೆಕ್ಕ. ಉಳಿದದ್ದು ಕಾಯಲಿ ಎಂದೆ.

ಒಟಿಪಿಯ ಗೋಳು ಸುಲಭದಲ್ಲಿ ಮುಗಿಯಿತು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಧನಿಗಳ ಮಗನನ್ನೂ ಅಧಿಕೃತ ಸಹಿದಾರನಾಗಿ ಸೇರಿಸಿದರು. ಈಗ ಅವನ ಮೊಬೈಲಿಗೂ ಒಟಿಪಿ ತರಿಸಿಕೊಳ್ಳಬಹುದು. ಬ್ಯಾಂಕಿನಲ್ಲೂ ಅವನಿಗೆ ಬೇರೆ ಲಾಗಿನ್ ಆಯಿತು. ಪಾಸ್‌ವರ್ಡ್ ಪುಸ್ತಕದಲ್ಲಿ ಬರೆದಿಡುವ ಬುದ್ಧಿವಂತಿಕೆ ಮಾತ್ರ ಬೇಡ ಎಂದೆ.

ಕಷ್ಟವಾದದ್ದು ಮುಂಗಡದ ಲೆಕ್ಕ. ಇದನ್ನು ತೂಕ ನೋಡುವ ಹುಡುಗ ಕಲಿಯಬೇಕಿತ್ತು. ಬರೆಯುವುದು ಅವನೇ, ಅಕ್ಕ ಅಲ್ಲ ಎಂದೆ. ಗೊತ್ತಿದ್ದವರು ಬರೆದರೆ ಕೈಗೆ ರೂಢಿಯಾದ ಹೆಜ್ಜೆಗಳು ಹಾರಿಹೋಗುತ್ತವೆ. ಮೊದಲು ಅಕ್ಕ ಮಾಡುವುದನ್ನು ನೋಡಿ ಅವನು ಬರೆದ. ಮುಂದಿನ ವಾರ ಪುಸ್ತಕ ನೋಡಿ ಅವನು ಮಾಡಿದ, ಅಕ್ಕ ಪಕ್ಕದಲ್ಲಿ ಬಾಯಿ ಮುಚ್ಚಿ ಕೂತರು. ಅದೇ ಅವರಿಗೆ ದೊಡ್ಡ ಶಿಕ್ಷೆ!

ಮೂರನೇ ವಾರ ಅಕ್ಕ ಒಂದು ದಿನ ಫೋನ್ ಆಫ್ ಮಾಡಿ ಮನೆಯಲ್ಲಿದ್ದರು. ಹುಡುಗ ಒಬ್ಬರ ಅಡಿಕೆ ಹಣವನ್ನು ಇನ್ನೊಬ್ಬರ ಮುಂಗಡಕ್ಕೆ ವಜಾ ಮಾಡಿಬಿಟ್ಟ. ಒಂದೇ ಹೆಸರಿನ ಮೂವರು ಭಟ್ರು ಇದ್ದರು. ಅಕ್ಕ ಸ್ವರದಲ್ಲೇ ಗುರುತು ಹಿಡಿಯುತ್ತಿದ್ದರು, ಆದ್ದರಿಂದ ಪುಸ್ತಕಕ್ಕೆ ಅದು ಬಂದೇ ಇರಲಿಲ್ಲ. ಮರುದಿನ ಹುಡುಗ ತಿದ್ದಿದ, ಭಟ್ರಿಗೂ ತಿಳಿಸಿದ. ಪ್ರತಿ ಖಾತೆಯ ಮುಂದೆ ಮನೆ ಹೆಸರು, ಫೋನ್ ನಂಬರ್ ಸೇರಿತು. ಆ ಒಂದು ದಿನ ಅವರು ಹೊರಗೆ ಇರದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಯಾರಿಗೆ ಎಷ್ಟು ಮುಂಗಡ ಕೊಡಬಹುದು ಎಂಬ ಅಂದಾಜು ಪುಸ್ತಕದಲ್ಲಿ ಹಿಡಿಯಲಿಲ್ಲ. ಅದಕ್ಕೆ ಒಂದು ಮಿತಿ ಹಾಕಿ, ಮೀರಿದರೆ ಧನಿಗಳನ್ನೇ ಕೇಳುವುದು ಎಂದಾಯಿತು.

ನಾಲ್ಕು ತಿಂಗಳ ಮೇಲೆ ಅಕ್ಕ ತಂಗಿಯ ಮಗಳ ಮದುವೆಗೆ ಮೂರು ದಿನ ಹೋಗಿ ಬಂದರು. ಅಂಗಡಿಯಿಂದ ಒಂದೇ ಫೋನ್ ಬಂತಂತೆ, ಬೀರುವಿನ ಬೀಗದಕೈ ಎಲ್ಲಿ ಎಂದು. "ಅದನ್ನು ಬರೆಸಲು ಮರೆತಿದ್ದೆ" ಎಂದು ನಗುತ್ತಾ ಹೇಳಿದರು.