ಹೊಸ ವರ್ಷ ಮೊದಲು ಎಲ್ಲಿ, ಕೌಂಟ್‌ಡೌನ್ ಎಷ್ಟು ಗಂಟೆಗೆ?

ಪ್ರಶ್ನೆ: ಹೊಸ ವರ್ಷ ಎಲ್ಲಕ್ಕಿಂತ ಮೊದಲು ಎಲ್ಲಿ ಬರುತ್ತೆ? ದಾವಣಗೆರೆ, ಆಕ್ಲೆಂಡ್, ನ್ಯೂಯಾರ್ಕ್‌ನಲ್ಲಿರೋ ನಮ್ಮ ಗೆಳೆಯರ ಆನ್‌ಲೈನ್ ಕೌಂಟ್‌ಡೌನ್‌ಗೆ ಟೈಮ್ ಹೇಗೆ ಇಡೋದು?

ಉತ್ತರ: ಮೊದಲು ಕಿರಿಬಾಟಿ ದೇಶದ ಕಿರಿಟಿಮಾಟಿ ದ್ವೀಪದಲ್ಲಿ. ಅಲ್ಲಿ ಮಧ್ಯರಾತ್ರಿ ಆದಾಗ ನಮ್ಮಲ್ಲಿ ಇನ್ನೂ ಡಿಸೆಂಬರ್ 31ರ ಮಧ್ಯಾಹ್ನ 3:30, ಊಟ ಮುಗಿಸಿ ಬೆಣ್ಣೆ ದೋಸೆಗೆ ಹೊರಡೋ ಹೊತ್ತು. ಕಾಲು ಗಂಟೆ ಬಿಟ್ಟು ನ್ಯೂಜಿಲೆಂಡಿನ ಚಾಟಮ್ ದ್ವೀಪಗಳು, 4:30ಕ್ಕೆ ಆಕ್ಲೆಂಡ್.

ಎಡವೋದು ಆಕ್ಲೆಂಡ್‌ನಲ್ಲೇ. ಹೋದ ವರ್ಷ ನಾವು UTC+12, ಅಂದರೆ ವಿಶ್ವ ಪ್ರಮಾಣ ಸಮಯಕ್ಕಿಂತ 12 ಗಂಟೆ ಮುಂದೆ ಅಂತ ಹಾಕಿದ್ದೆವು, ಆದರೆ ಡಿಸೆಂಬರ್‌ನಲ್ಲಿ ಅಲ್ಲಿ ಬೇಸಿಗೆ, ಗಡಿಯಾರ ಒಂದು ಗಂಟೆ ಮುಂದಿರುತ್ತೆ, ಹಾಗಾಗಿ ಅದು UTC+13. ಅಲ್ಲಿ ಪಟಾಕಿ ಹೊಡೀತಿದ್ದರೆ ನಮ್ಮ ಪರದೆಯಲ್ಲಿ ಇನ್ನೂ 60 ನಿಮಿಷ ಬಾಕಿ ಇತ್ತು, ತುಂಬಾ ಬೇಜಾರಾಯ್ತು.

ಅದಕ್ಕೇ +12, +13 ಅಂತ ಕೈಯಿಂದ ಬರೀಬೇಡಿ. `Pacific/Auckland`, `Asia/Kolkata`, `America/New_York` ಅಂತ ಸಮಯ ವಲಯದ ಹೆಸರನ್ನೇ ಕೊಡಿ, ಬೇಸಿಗೆ ಲೆಕ್ಕವನ್ನು ಕಂಪ್ಯೂಟರೇ ನೋಡಿಕೊಳ್ಳುತ್ತೆ. ಆಮೇಲೆ ನಮ್ಮ ಸಮಯಕ್ಕೆ ತಾಳೆ ನೋಡಿ: 31ರ ಸಂಜೆ 4:30, ರಾತ್ರಿ 12, ಜನವರಿ 1ರ ಬೆಳಿಗ್ಗೆ 10:30 ಬರಬೇಕು. ಆಕ್ಲೆಂಡ್‌ಗೆ 5:30 ಬಂದರೆ ಅದೇ ತಪ್ಪು ಆಗಿದೆ ಅಂತ.

ಇನ್ನೊಂದು, ಎಣಿಕೆಯನ್ನು ಲೈವ್ ವಿಡಿಯೊದೊಳಗೆ ತೋರಿಸಬೇಡಿ, ಅದು ಕೆಲವು ಸೆಕೆಂಡ್ ತಡವಾಗಿ ಬರುತ್ತೆ. ಪ್ರತಿಯೊಬ್ಬರ ಫೋನಿನಲ್ಲೇ ಓಡಲಿ.