ಕಥೆಯ ಮೊದಲ ಪ್ಯಾರಾ ಪರ್ಷಿಯನ್‌ಗೆ: ಕ್ರಿಯಾಪದಗಳ ವಿಚಾರ

ಪ್ರಶ್ನೆ: ನನ್ನ ಸಣ್ಣಕಥೆಯ ಮೊದಲ ಪ್ಯಾರಾವನ್ನು ಕಾಲ, ಅರ್ಥಛಾಯೆ ಎರಡೂ ಕೆಡದಂತೆ ಪರ್ಷಿಯನ್‌ಗೆ ತರುವುದು ಹೇಗೆ? "ಕರೆಂಟು ಹೋಗಿತ್ತು. ಲಕ್ಷ್ಮಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಮಗ ರಾತ್ರಿಯ ಬಸ್ಸಿಗೆ ಬಂದಾನು. ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ ದುಡಿಯುತ್ತಿದ್ದನಂತೆ."

ಉತ್ತರ: ಮೊದಲ ವಾಕ್ಯದಲ್ಲಿ ನಿಮಗೆ ಕಷ್ಟವೇ ಇಲ್ಲ. ಇರಾನಿನಲ್ಲಿಯೂ ಕರೆಂಟು "ಹೋಗುತ್ತದೆ". "ಬರ್ಖ್ ರಫ್ತೆ ಬೂದ್" ಎಂದರೆ "ಹೋಗಿತ್ತು" ಎಂಬುದೇ ಹಾಗೆಯೇ ಬಂದಂತಾಯಿತು.

ಎರಡನೆಯ ವಾಕ್ಯದಲ್ಲಿ ಎಚ್ಚರ ಬೇಕು. "ಕೂತು" ಎಂಬುದನ್ನು "ಮೀನೆಶಸ್ತ್" ಎಂದು ಬರೆದರೆ, ಆಕೆ ದಿನವೂ ಅಲ್ಲಿ ಕೂರುತ್ತಿದ್ದಳು ಎಂದು ಓದುಗ ತಿಳಿಯುವ ಸಾಧ್ಯತೆಯೇ ಹೆಚ್ಚು. ಕೂರುವ, ನಿಲ್ಲುವ ಕ್ರಿಯೆಗಳಲ್ಲಿ ಪರ್ಷಿಯನ್ ಆಗಿನ ಸ್ಥಿತಿಯನ್ನು ಹೇಳಲು ಪೂರ್ಣಭೂತವನ್ನೇ ಬಳಸುತ್ತದೆ. ಆದ್ದರಿಂದ "ರೂಯೆ ಐವಾನ್ ನೆಶಸ್ತೆ ಬೂದ್ ವ ಬಾಖಾಲಾ ಪಾಕ್ ಮೀಕರ್ದ್" ಎನ್ನಿ. "ಮೀಕರ್ದ್" ಒಂದೇ ಇದ್ದಿದ್ದರೆ ಅಭ್ಯಾಸ, ನಡೆಯುತ್ತಿರುವ ಕೆಲಸ ಎರಡಕ್ಕೂ ಹೊಂದುತ್ತಿತ್ತು; ಹಿಂದಿನ "ನೆಶಸ್ತೆ ಬೂದ್" ಅದನ್ನು ಆ ಒಂದು ಸಂಜೆಗೆ ಕಟ್ಟಿಹಾಕುತ್ತದೆ. ಅದೂ ಸಾಲದೆನಿಸಿದರೆ "ದಾಶ್ತ್ ಪಾಕ್ ಮೀಕರ್ದ್" ಎಂಬ ರೂಪವಿದೆ, ಆದರೆ ಅದು ಆಡುಮಾತಿನ ಕಡೆ ವಾಲುವುದರಿಂದ ನಿಮ್ಮ ಕಥೆಗೆ ನಾನು ಸೂಚಿಸುವುದಿಲ್ಲ. (ಬಾಖಾಲಾ ನಮ್ಮ ಅವರೆಯಲ್ಲ, ಹತ್ತಿರದ ಕಾಳು ಅಷ್ಟೆ, ಇರಾನಿ ಓದುಗನಿಗೆ ಬಿಡಿಸುವ ಕೆಲಸ ಕಣ್ಣಿಗೆ ಕಟ್ಟುವುದರಿಂದ ಅದನ್ನೇ ಇಡುತ್ತೇನೆ.)

"ಬಂದಾನು" ಸಂಭಾವನಾರ್ಥಕ. ಇದನ್ನು "ಖಾಹದ್ ಆಮದ್" ಎಂದರೆ ಖಚಿತ ಭವಿಷ್ಯತ್ತಾಗಿ ತಾಯಿಯ ಅನುಮಾನವೇ ಮಾಯವಾಗುತ್ತದೆ. "ಶಾಯದ್ ಪೆಸರಶ್ ಬಾ ಓತೋಬೂಸೆ ಶಬ್ ಬಿಯಾಯದ್" ಎಂದರೆ ಸರಿಹೋಗುತ್ತದೆ. ಕಥನವೆಲ್ಲ ಭೂತಕಾಲದಲ್ಲಿದ್ದರೂ ಇದನ್ನು ಭೂತಕ್ಕೆ ಬದಲಿಸಬೇಡಿ; ಆಕೆಯ ಮನಸ್ಸಿನ ಮಾತು ಮೂಲದಲ್ಲಿದ್ದಂತೆಯೇ ನಿಲ್ಲಲಿ.

ಅನುವಾದಕರು ಹೆಚ್ಚಾಗಿ ಎಡವುವುದು "ಅಂತೆ"ಯಲ್ಲಿ. "ಮೀಗೂಯಂದ್" (ಜನ ಹೇಳುತ್ತಾರೆ) ಎಂದು ಸೇರಿಸುವುದು ಸುಲಭ, ಆದರೆ ಆಗ ಮೂಲದಲ್ಲಿಲ್ಲದ ಜನರು ಕಥೆಯೊಳಗೆ ಬಂದುಬಿಡುತ್ತಾರೆ. ಪರ್ಷಿಯನ್ನಿನಲ್ಲಿ "ಮಾಜಿ-ಯೆ ನಖ್ಲಿ" ಎಂಬ ಭೂತರೂಪದ ನಿರಂತರ ಬಗೆಯೊಂದಿದ್ದು, ಕಣ್ಣಾರೆ ಕಾಣದೆ ಕೇಳಿ ಅಥವಾ ಊಹಿಸಿ ತಿಳಿದದ್ದಕ್ಕೆ ಅದು ಸಲ್ಲುತ್ತದೆ. "ಕಾರ್ ಮೀಕರ್ದ್" ಎಂದರೆ ದುಡಿಯುತ್ತಿದ್ದ, ನಿರೂಪಕನಿಗೆ ಗೊತ್ತು. "ಕಾರ್ ಮೀಕರ್ದೆ ಅಸ್ತ್" ಎಂದರೆ ದುಡಿಯುತ್ತಿದ್ದನಂತೆ. ನಿಮ್ಮ ಅದೃಷ್ಟಕ್ಕೆ ಕ್ರಿಯಾಪದ "ದುಡಿಯುತ್ತಿದ್ದ" ಎಂದು ನಿರಂತರವಾಗಿಯೇ ಇದೆ. ಅದು "ಹೋದನಂತೆ" ಎಂದಿದ್ದರೆ ಬರಿಯ "ರಫ್ತೆ ಅಸ್ತ್" ಸಾಲುತ್ತಿರಲಿಲ್ಲ, ಏಕೆಂದರೆ ಅದು "ಹೋಗಿದ್ದಾನೆ" ಎಂಬ ಸಾಮಾನ್ಯ ಅರ್ಥಕ್ಕೂ ಸಲ್ಲುತ್ತದೆ. ಆಗ ಅದರ ಹಿಂದೆ "ಹಾಗೆ ಕಾಣುತ್ತದೆ" ಎಂಬ ಅರ್ಥದ "ಗೂಯಾ" ಪದವನ್ನು ಸೇರಿಸಬೇಕಾಗುತ್ತಿತ್ತು.

ಬೆಂಗಳೂರಿನಲ್ಲಿ ಓದುತ್ತಿರುವ ಇರಾನಿ ವಿದ್ಯಾರ್ಥಿ ಯಾರಾದರೂ ಸಿಕ್ಕರೆ ಪ್ಯಾರಾ ಓದಿಸಿ, "ಚೆನ್ನಾಗಿದೆಯೇ" ಎಂದು ಕೇಳುವ ಬದಲು, ಲಕ್ಷ್ಮಮ್ಮ ದಿನವೂ ಹೀಗೆ ಕೂರುತ್ತಾಳೆಯೇ, ಮಗ ಬರುವುದು ಖಚಿತವೇ, ಅವನು ಹೋಟೆಲಿನಲ್ಲಿ ದುಡಿದದ್ದನ್ನು ನಿರೂಪಕ ಕಂಡಿದ್ದಾನೆಯೇ ಎಂದು ಕೇಳಿ. ಮೂರಕ್ಕೂ "ಇಲ್ಲ" ಎಂಬ ಉತ್ತರ ಬರಬೇಕು.