ಕನ್ನಡಿ ನೋಡಿ ಚುಚ್ಚುಮದ್ದು ಬಿಟ್ಟವರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹೆಂಡತಿಯ ಸಿಡುಕು ಹೆಚ್ಚಾಗಿದೆ ಎಂದು ದೂರಿಕೊಂಡು ಗಂಡ ಆಕೆಯನ್ನು ನನ್ನ ಬಳಿಗೆ ಕರೆತಂದಿದ್ದರು. ಆಕೆಗೆ 43 ವರ್ಷ, ಕಾಯಿಲೆ ಅಕ್ರೋಮೆಗಲಿ, ಅಂದರೆ ಬೆಳವಣಿಗೆ ಹಾರ್ಮೋನ್ ಅತಿಯಾಗಿ ಮುಖ, ಕೈಕಾಲು ದಪ್ಪವಾಗುವ ರೋಗ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಬೆಳೆದಿದ್ದ 18 ಮಿಲಿಮೀಟರ್ ಗಡ್ಡೆಯನ್ನು ಮೂಗಿನ ಮೂಲಕ ತೆಗೆದು ವರ್ಷವಾಗಿತ್ತು. ಒಂದು ಚೂರು ಮಾತ್ರ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಕ್ಕೆ ಒತ್ತಿಕೊಂಡಿದ್ದರಿಂದ ಅದನ್ನು ಹಾಗೆಯೇ ಬಿಟ್ಟಿದ್ದರು. ಆ ಚೂರು ಈಗಲೂ ಬೆಳವಣಿಗೆ ಹಾರ್ಮೋನನ್ನು ಅತಿಯಾಗಿ ಸ್ರವಿಸುತ್ತಿತ್ತು. ಅದನ್ನು ತಗ್ಗಿಸಲು ನಾಲ್ಕು ವಾರಕ್ಕೊಮ್ಮೆ ಆಕ್ಟ್ರಿಯೋಟೈಡ್ ಚುಚ್ಚುಮದ್ದು ಬರೆದುಕೊಟ್ಟಿದ್ದರು.

"ಆಪರೇಷನ್ ಆಯಿತು, ತಲೆನೋವೂ ಹೋಯಿತು. ಇನ್ನೇನು ಚಿಂತೆ?" ಎಂದರು ಗಂಡ. ಆಕೆ ತಲೆ ಎತ್ತಲಿಲ್ಲ. ಗಂಡನನ್ನು ಹೊರಗೆ ಕೂರಿಸಿದ ಮೇಲೆ ನಿಜ ಹೊರಬಂತು: ಸತತ ಎರಡು ಚುಚ್ಚುಮದ್ದುಗಳನ್ನು ಆಕೆ ತಪ್ಪಿಸಿದ್ದರು, ಯಾರಿಗೂ ಹೇಳಿರಲಿಲ್ಲ. ಪ್ರತಿ ಸಲವೂ ನಾಲ್ಕೈದು ದಿನ ಹೊಟ್ಟೆ ತೊಳಸುತ್ತದೆ, ಭೇದಿಯಾಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದನ್ನು ಹೇಳಲು ಆಕೆಗೆ ಬಹಳ ಹೊತ್ತು ಬೇಕಾಯಿತು. "ಇಷ್ಟೆಲ್ಲ ಅನುಭವಿಸಿದ ಮೇಲೂ ಇದು ನನ್ನ ಮುಖವಲ್ಲ. ದವಡೆ ಹಾಗೇ ಇದೆ, ಹಲ್ಲಿನ ಸಂದು ಹಾಗೇ ಇದೆ. ಮತ್ತೆ ಯಾಕೆ ಚುಚ್ಚಿಸಿಕೊಳ್ಳಬೇಕು?"

ಯಾವುದು ಹಿಂದಿರುಗುತ್ತದೆ, ಯಾವುದು ಇಲ್ಲ ಎಂದು ಆಕೆಗೆ ಯಾರೂ ಬಿಡಿಸಿ ಹೇಳಿದಂತಿರಲಿಲ್ಲ. ಹಾರ್ಮೋನ್ ಹತೋಟಿಗೆ ಬಂದರೆ ಊದಿದ ಮೃದು ಭಾಗಗಳು ಇಳಿಯುತ್ತವೆ: ಬೆರಳು, ತುಟಿ, ನಾಲಗೆ, ಕಣ್ಣಿನ ಸುತ್ತಲಿನ ಚರ್ಮ. ಬೆಳೆದ ಮೂಳೆ ಕುಗ್ಗುವುದಿಲ್ಲ. ಕನ್ನಡಿಯಲ್ಲಿ ಎದ್ದು ಕಾಣುವುದು ದವಡೆಯೇ ಆದ್ದರಿಂದ ಕನ್ನಡಿ ನೋಡಿ ಮದ್ದಿನ ಫಲ ಅಳೆದರೆ ಪ್ರತಿ ಸಲವೂ ಸೋಲೇ ಕಾಣುತ್ತದೆ. ಹಾಗಾಗಿ ನಾನು ಉಂಗುರದ ಬಗ್ಗೆ ಕೇಳಿದೆ. ಶಸ್ತ್ರಚಿಕಿತ್ಸೆಯಾದ ಕೆಲವೇ ವಾರಗಳಲ್ಲಿ ಅದು ಸಡಿಲವಾಗಿತ್ತಂತೆ, ಈಗ ಮತ್ತೆ ಬಿಗಿಯಾಗಿದೆ. ರಾತ್ರಿಯ ಬೆವರು ಮರಳಿದೆ. ಗೊರಕೆಯ ಮಾತನ್ನು ಗಂಡನಿಂದಲೇ ಕೇಳಿ ತಿಳಿದೆ. ನಡುನಡುವೆ ಉಸಿರು ನಿಂತಂತಾಗಿ ಆಕೆ ಬೆಚ್ಚಿ ಏಳುತ್ತಾರಂತೆ. ಹಗಲಿನ ಸಿಡುಕಿಗೆ ನನ್ನ ಮಟ್ಟಿಗೆ ಇದೊಂದೇ ಸಾಕಿತ್ತು.

ನಾನು ಒತ್ತಿ ಹೇಳಿದ್ದು, ತಪ್ಪಿಸಿದ್ದನ್ನು ಹಾರ್ಮೋನ್ ತಜ್ಞರಿಗೆ ಹೇಳಲೇಬೇಕು ಎಂದು. ಅವರು ಬೆಳವಣಿಗೆ ಹಾರ್ಮೋನ್ ಹೆಚ್ಚಿದಂತೆ ರಕ್ತದಲ್ಲಿ ಏರುವ ಐಜಿಎಫ್-1 ಎಂಬ ಅಂಶದ ಮಟ್ಟ ನೋಡಿ ಔಷಧ ನಿರ್ಧರಿಸುತ್ತಾರೆ. ಮದ್ದು ತೆಗೆದುಕೊಳ್ಳದೆ ಪರೀಕ್ಷೆ ಮಾಡಿಸಿದರೆ ಅಂಕಿ ಮೇಲಿರುತ್ತದೆ, ಔಷಧವೇ ಕೆಲಸ ಮಾಡುತ್ತಿಲ್ಲ ಎಂದುಕೊಂಡು ಅವರು ಪ್ರಮಾಣ ಏರಿಸಬಹುದು, ವಿಕಿರಣ ಚಿಕಿತ್ಸೆಯ ಮಾತನ್ನೂ ಎತ್ತಬಹುದು. ಹೊಟ್ಟೆಯ ತೊಂದರೆ ಹಲವರಲ್ಲಿ ಮೊದಲ ಕೆಲವು ತಿಂಗಳ ನಂತರ ತಗ್ಗುತ್ತದೆ. ಆದರೆ ಊಟದ ನಂತರ ಬಲಪಕ್ಕೆಯ ಕೆಳಗೆ ತೀವ್ರ ನೋವು ಬಂದರೆ ಕಾಯಬಾರದು, ಈ ಮದ್ದಿನಿಂದ ಪಿತ್ತಕೋಶದಲ್ಲಿ ಕಲ್ಲಾಗುವುದುಂಟು. ನಿದ್ರೆಯ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ ಎಂದೆ. ದವಡೆ ಸರಿಪಡಿಸುವ ಶಸ್ತ್ರಚಿಕಿತ್ಸೆ ಇದೆ, ಆದರೆ ಐಜಿಎಫ್-1 ಹತೋಟಿಗೆ ಬಂದು ಕೆಲಕಾಲ ಅಲ್ಲಿಯೇ ನಿಂತ ಮೇಲೆ ಮಾತ್ರ. ಈಗಲೇ ಮಾಡಿಸಿದರೆ ಮೂಳೆ ಮತ್ತೆ ಬೆಳೆದು ಕೆಲಸ ಕೆಡಬಹುದು. ಚುಚ್ಚುಮದ್ದಿಗೂ ಮುಖಕ್ಕೂ ಹೀಗೊಂದು ನಂಟಿದೆ ಎಂದು ತಿಳಿದಾಗ ಆಕೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

ಎರಡನೆಯ ಭೇಟಿಯಲ್ಲಿ ಮತ್ತೊಂದು ಭಯ ಹೊರಬಂತು. 14 ವರ್ಷದ ಮಗ ಒಂದೇ ವರ್ಷದಲ್ಲಿ 9 ಸೆಂಟಿಮೀಟರ್ ಎತ್ತರವಾಗಿದ್ದಾನೆ. ತನ್ನ ಕಾಯಿಲೆ ಅವನಿಗೂ ಬಂದು ದೈತ್ಯನಾಗುತ್ತಾನೇನೋ ಎಂದು ಆಕೆ ರಾತ್ರಿಯೆಲ್ಲ ಲೆಕ್ಕ ಹಾಕುತ್ತಿದ್ದರು. ಭಯಕ್ಕೆ ಆಧಾರವೇ ಇಲ್ಲವೆನ್ನಲಾಗದು: ಮೂಳೆಯ ತುದಿಯ ಬೆಳವಣಿಗೆಯ ಪದರಗಳು ಮುಚ್ಚುವ ಮೊದಲು ಇದೇ ಹಾರ್ಮೋನ್ ಅತಿಯಾದರೆ ಎಲುಬು ಉದ್ದಕ್ಕೆ ಬೆಳೆಯುತ್ತಲೇ ಹೋಗುತ್ತದೆ, ಮುಚ್ಚಿದ ಮೇಲಾದರೆ ಆಕೆಗೆ ಆದಂತೆ ದಪ್ಪವಾಗುತ್ತದೆ. ಆದರೆ ಈ ಗಡ್ಡೆಗಳಲ್ಲಿ ಬಹುಪಾಲು ವಂಶದಿಂದ ಬರುವಂಥವಲ್ಲ, ಇವರ ಮನೆತನದಲ್ಲಿ ಬೇರೆ ಯಾರಿಗೂ ಇರಲಿಲ್ಲ. ಹರೆಯದ ಹುಡುಗ ವರ್ಷಕ್ಕೆ 9 ಸೆಂಟಿಮೀಟರ್ ಬೆಳೆಯುವುದು ಸಹಜ, ಅವನ ದನಿಯೂ ಆಗಲೇ ಒಡೆದಿತ್ತು. ಆರು ತಿಂಗಳಿಗೊಮ್ಮೆ ಎತ್ತರ ಅಳೆದು ಮಕ್ಕಳ ವೈದ್ಯರ ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸಿ ಎಂದೆ. ಗೆರೆ ಬಿಟ್ಟು ಗೆರೆ ಮೇಲೇರುತ್ತಿದ್ದರೆ, ಹರೆಯದ ಜಿಗಿತ ಮುಗಿಯಬೇಕಾದ ಹೊತ್ತಿಗೂ ಅದೇ ವೇಗವಿದ್ದರೆ, ತಲೆನೋವು ಇಲ್ಲವೇ ಪಕ್ಕದ ನೋಟ ಮಂಕಾದರೆ ಐಜಿಎಫ್-1 ಪರೀಕ್ಷೆ ಬೇಕು. ಹರೆಯದಲ್ಲಿ ಆ ಅಂಕಿ ಸಹಜವಾಗಿಯೇ ಏರುವುದರಿಂದ ಅದನ್ನು ವಯಸ್ಸಿಗೆ ತಕ್ಕ ಮಿತಿಯೊಡನೆ ಹೋಲಿಸಬೇಕು, ತಾಯಿಯ ವರದಿಯೊಡನೆ ಅಲ್ಲ.

ಗಂಡನಿಗೆ ಒಂದೇ ಕೆಲಸ ಕೊಟ್ಟೆ: ಚುಚ್ಚುಮದ್ದಿನ ದಿನ ಜೊತೆಗೆ ಹೋಗುವುದು, ಮುಂದಿನ ನಾಲ್ಕು ದಿನ ಮನೆಗೆಲಸ ತಾವು ನೋಡಿಕೊಳ್ಳುವುದು.

ಆಕೆ ತಜ್ಞರಿಗೆ ಎಲ್ಲವನ್ನೂ ಹೇಳಿದರು, ಮದ್ದು ಮತ್ತೆ ಶುರುವಾಗಿದೆ. ಮೂರು ಸಲ ತಪ್ಪದೆ ಆದ ಮೇಲೆ ರಕ್ತ ಪರೀಕ್ಷೆ. ಆಗಲೂ ಐಜಿಎಫ್-1 ಇಳಿಯದಿದ್ದರೆ ಈ ಹಾರ್ಮೋನನ್ನು ತಗ್ಗಿಸುವ ಕ್ಯಾಬರ್ಗೊಲಿನ್ ಮಾತ್ರೆ ಸೇರಿಸುವ ಯೋಚನೆ ಅವರಿಗಿದೆ. ವಿಕಿರಣವನ್ನು ಸದ್ಯ ದೂರವಿಟ್ಟಿದ್ದಾರೆ; ಅದರ ಪರಿಣಾಮ ಕಾಣಲು ವರ್ಷಗಳೇ ಹಿಡಿಯುತ್ತವೆ, ಗ್ರಂಥಿಯ ಉಳಿದ ಹಾರ್ಮೋನುಗಳೂ ಬತ್ತಬಹುದು.